ಬೆಂಕಿಯಲ್ಲಿ ಮಡಕೆಯೊಳಗೆ ಏನಾಗುತ್ತದೆ? ಕರಾಮದ ಕುಂಬಾರ ಅಮ್ಮನ ಪಾಠ

ಕರಾಮ (ದುಬೈ): ಊರಿನಿಂದ ಗಲ್ಫಿಗೆ ಹೊರಡುವವರ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸುತ್ತಿಟ್ಟ ಒಂದು ಮಣ್ಣಿನ ಬಿಸಲೆ ಇರುವುದು ಕರಾವಳಿಯ ಮನೆಗಳಿಗೆ ಹೊಸತಲ್ಲ. ಮೀನಿನ ಸಾರಿಗೆ ಅದೇ ಆಗಬೇಕು. ಕರಾಮದ ಅಂಗಡಿಗಳಲ್ಲಿಯೂ ಮಣ್ಣಿನ ಚಟ್ಟಿ ಸಿಗುತ್ತದೆ. ಆದರೆ ಒಂದು ಬಿಸಲೆ ಹತ್ತು ವರ್ಷ ಬಾಳುತ್ತದೆ, ಇನ್ನೊಂದು ಹತ್ತೇ ದಿನಕ್ಕೆ ಸೀಳುತ್ತದೆ. ಎರಡೂ ನೋಡಲು ಒಂದೇ ಕೆಂಪು. ವ್ಯತ್ಯಾಸ ಇರುವುದು ಒಳಗೆ, ಬೆಂಕಿ ಮಾಡಿದ ಕೆಲಸದಲ್ಲಿ.

ಆ ಕೆಲಸ ಏನು ಎಂಬುದನ್ನು ಬಿಡಿಸಿ ಹೇಳಬಲ್ಲ ಒಬ್ಬರು ಕರಾಮದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಮಗನ ಸಂಸಾರದ ಜೊತೆ ಇದ್ದಾರೆ. ಪುತ್ತೂರು ಕಡೆಯ ಕುಂಬಾರರ ಮನೆಯವರು. ಹೆಸರು ಹಾಕುವುದು ಬೇಡ ಎಂದದ್ದರಿಂದ ಇಲ್ಲಿ ಅವರನ್ನು ‘ಅಮ್ಮ’ ಎಂದೇ ಕರೆಯುತ್ತೇವೆ. ಅವರ ಶಿಷ್ಯೆ ಕೂಡ ಹಾಗೆಯೇ ಕರೆಯುವುದು. ಶಿಷ್ಯೆ ಹಾಸನ ಜಿಲ್ಲೆಯವರು, ಗಂಡ ಇಲ್ಲಿ ಕೆಲಸದಲ್ಲಿದ್ದಾರೆ, ಐದು ವರ್ಷದ ಮಗನಿದ್ದಾನೆ. ವರ್ಷದಿಂದ ಅಮ್ಮನ ಬಳಿ ಮಣ್ಣಿನ ಕೆಲಸ ಕಲಿಯುತ್ತಿದ್ದಾರೆ.

‘ಊರಲ್ಲಿ ಚಕ್ರದ ಮೇಲೆ ಕೂರುವುದು ಗಂಡಸರು. ಮಣ್ಣು ತುಳಿಯುವುದು, ತಟ್ಟುವುದು, ಒಣಗಿಸುವುದು, ಆವಿಗೆಗೆ ಜೋಡಿಸುವುದು ನಮ್ಮ ಕೆಲಸ. ಹಾಗಾಗಿ ನನಗೆ ಚಕ್ರಕ್ಕಿಂತ ಬೆಂಕಿಯೇ ಹೆಚ್ಚು ಗೊತ್ತು’ ಎಂದು ಅಮ್ಮ ನಗುತ್ತಾರೆ.

ಮಣ್ಣು ಕಲಸುವುದು, ತಟ್ಟುವುದು, ಒಣಗಿಸುವುದು ಎಲ್ಲ ಕರಾಮದ ಮನೆಯ ಬಾಲ್ಕನಿಯಲ್ಲಿ. ಸುಡುವುದು ಮಾತ್ರ ಅಲ್ಲಿ ಸಾಧ್ಯವಿಲ್ಲ. ಒಣಗಿದ ಪಾತ್ರೆಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಕಾರಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಅಲ್ ಕೂಝ್ ಕಡೆಯ ಒಂದು ಸ್ಟುಡಿಯೋಗೆ ಒಯ್ಯುತ್ತಾರೆ. ಅಲ್ಲಿನ ವಿದ್ಯುತ್ ಗೂಡಿಗೆ ಒಂದು ಸಲಕ್ಕೆ ಇಷ್ಟು ಎಂದು ಬಾಡಿಗೆ. ಕಳೆದ ಸಲ ಶಿಷ್ಯೆ ತಾವೇ ಮಣ್ಣು ಹದ ಮಾಡಿ ಮಾಡಿದ ಎಂಟು ಬಿಸಲೆಗಳು ಅಲ್ಲಿಂದ ಚೆನ್ನಾಗಿಯೇ ಹೊರಬಂದಿದ್ದವು. ಎರಡು ವಾರದಲ್ಲಿ ಎಂಟೂ ಹಾಳಾದವು. ಆ ಎಂಟರ ಕಥೆಗೆ ಹೋಗುವ ಮೊದಲು, ಅಮ್ಮ ಶಿಷ್ಯೆಗೆ ಹೇಳಿಕೊಟ್ಟ ಮೊದಲ ಪಾಠವನ್ನು ತಿಳಿಯಬೇಕು.

ಮೂರು ತುಂಡು, ಮೂರು ಲೋಟ ನೀರು

ಪಾಠ ಆರಂಭವಾದದ್ದು ಮಗುವಿನ ಪ್ರಶ್ನೆಯಿಂದ. ‘ಅಡುಗೆಮನೆ ಓವನ್‌ನಲ್ಲೇ ಸುಟ್ಟರೆ ಆಗಲ್ವಾ ಅಜ್ಜಿ?’ ಎಂದು ಹುಡುಗ ಕೇಳಿದ್ದ. ಅಮ್ಮ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದೇ ಮಣ್ಣಿನಿಂದ ಬಿಸ್ಕತ್ತಿನಷ್ಟು ದೊಡ್ಡ ಮೂರು ಬಿಲ್ಲೆ ಮಾಡಿಸಿದರು. ಒಂದನ್ನು ಬಾಲ್ಕನಿಯ ಬಿಸಿಲಿಗೆ ಇಟ್ಟರು. ಇನ್ನೊಂದನ್ನು ಒಣಗಿದ ಮೇಲೆ ಮನೆಯ ಓವನ್‌ನಲ್ಲಿ 250 ಡಿಗ್ರಿಗೆ ಎರಡು ಗಂಟೆ ಇಟ್ಟರು. ಮೂರನೆಯದು ಸ್ಟುಡಿಯೋದ ಗೂಡಿಗೆ ಹೋಯಿತು. ಆಮೇಲೆ ಮೂರನ್ನೂ ಮೂರು ಲೋಟ ನೀರಿಗೆ ಹಾಕಿದರು.

ನಾವು ಹೋದ ಶನಿವಾರ ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಿದರು. ಬಿಸಿಲಲ್ಲಿ ಒಣಗಿದ ಬಿಲ್ಲೆ ನೀರಿಗೆ ಬಿದ್ದ ಕೂಡಲೇ ಗುಳ್ಳೆ ಬಿಟ್ಟಿತು. ಚಹಾ ಕುಡಿದು ಮುಗಿಸುವುದರೊಳಗೆ ಅಂಚು ಕುಸಿದು ಲೋಟದ ತಳದಲ್ಲಿ ಕೆಸರಾಯಿತು. ಓವನ್‌ನಿಂದ ಬಂದದ್ದು ಕಲ್ಲಿನಂತೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಅದೂ ಅದೇ ಹಾದಿ ಹಿಡಿಯಿತು. ಗೂಡಿನಿಂದ ಬಂದ ಬಿಲ್ಲೆ ಮಾತ್ರ ಒಂದಷ್ಟು ನೀರು ಹೀರಿ, ಬಣ್ಣ ಗಾಢವಾಗಿ ಸುಮ್ಮನೆ ಕೂತಿತು. ಅದನ್ನು ಒಂದು ವಾರ ನೀರಿನಲ್ಲಿಟ್ಟರೂ ಅದು ಹಾಗೆಯೇ ಇರುತ್ತದೆ.

‘ಮಣ್ಣಿನಲ್ಲಿ ಎರಡು ಬಗೆಯ ನೀರು ಉಂಟು’ ಎಂದು ಅಮ್ಮ ಶಿಷ್ಯೆಗೆ ಹೇಳಿದ್ದು ಇದನ್ನೇ. ‘ಒಂದು ನಾವು ಕಲಸುವಾಗ ಹಾಕಿದ್ದು. ಅದು ಕಣ ಕಣದ ನಡುವೆ ಇರುವುದು. ಬಿಸಿಲಿಗೂ ಹೋಗುತ್ತದೆ, ಓವನ್‌ಗೂ ಹೋಗುತ್ತದೆ. ಹೋದದ್ದು ತಿರುಗಿ ಬಂದರೆ ಮಣ್ಣು ಮತ್ತೆ ಮಣ್ಣೇ. ಇನ್ನೊಂದು ಮಣ್ಣು ಹುಟ್ಟುವಾಗಲೇ ಅದರ ಕಣದ ಒಳಗೆ ಸೇರಿಕೊಂಡದ್ದು. ಅದು ಕೈಗೆ ತಾಗುವ ನೀರಲ್ಲ. ಅದನ್ನು ಹೊರಗೆ ಹಾಕಲು ಬೆಂಕಿಯೇ ಆಗಬೇಕು. ಅದು ಒಮ್ಮೆ ಹೋಯಿತೋ, ಮತ್ತೆ ಬರುವುದಿಲ್ಲ. ಅನ್ನವನ್ನು ತಿರುಗಿ ಅಕ್ಕಿ ಮಾಡಲಿಕ್ಕೆ ಆಗುತ್ತದಾ ಮಗಾ?’

ಅಮ್ಮ ಹೇಳುವುದಕ್ಕೂ ರಸಾಯನಶಾಸ್ತ್ರ ಹೇಳುವುದಕ್ಕೂ ವ್ಯತ್ಯಾಸವಿಲ್ಲ. ಜೇಡಿಯ ಕಣ ಎಂದರೆ ಅತಿ ತೆಳುವಾದ ಹಾಳೆಗಳ ಕಟ್ಟು. ಆ ಹಾಳೆಗಳ ರಚನೆಯಲ್ಲೇ ಜಲಜನಕ ಮತ್ತು ಆಮ್ಲಜನಕ ಸೇರಿ ಕೂತಿರುತ್ತವೆ. ಸುಮಾರು 450ರಿಂದ 600 ಡಿಗ್ರಿ ಶಾಖದ ನಡುವೆ ಅವು ಆವಿಯಾಗಿ ಹೊರಟುಹೋಗುತ್ತವೆ. ಶುದ್ಧ ಬಿಳಿ ಜೇಡಿಯಾದರೆ 100 ಗ್ರಾಂನಲ್ಲಿ ಸುಮಾರು 14 ಗ್ರಾಂ ಹೀಗೆಯೇ ಹೋಗುತ್ತದೆ. ಹಾಳೆಗಳ ಹಳೆಯ ಜೋಡಣೆ ಮುರಿಯುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಆ ಹಾಳೆಗಳು ಜಾರಿ ಕೆಸರಾಗುವುದಿಲ್ಲ. ಮನೆಯ ಓವನ್ 250 ಡಿಗ್ರಿಗೆ ನಿಲ್ಲುವುದರಿಂದ ಆ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ. ಮಗುವಿನ ಪ್ರಶ್ನೆಗೆ ಉತ್ತರ ಇಷ್ಟೇ.

ಗೂಡಿನೊಳಗಿನ ಒಂದು ದಿನ

ಆ ಗಡಿಗೆ ಹೋಗುವ ದಾರಿಯಲ್ಲಿ ಮಡಕೆ ಸಾಯಬಹುದಾದ ಜಾಗಗಳಿವೆ. ಮೊದಲನೆಯದು 100 ಡಿಗ್ರಿ. ಹೊರಗೆ ಒಣಗಿದಂತೆ ಕಂಡರೂ ದಪ್ಪ ಬುಡದೊಳಗೆ ಪಸೆ ಉಳಿದಿರುತ್ತದೆ. ನೀರು ಆವಿಯಾದರೆ ತಾನಿದ್ದ ಜಾಗದ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಶಾಖ ನಿಧಾನವಾಗಿ ಏರಿದರೆ ಆವಿ ಸಣ್ಣ ರಂಧ್ರಗಳಲ್ಲಿ ನುಸುಳಿ ಹೋಗುತ್ತದೆ. ಬೇಗ ಏರಿದರೆ ಮಡಕೆ ಪಟಾಕಿಯಂತೆ ಒಡೆಯುತ್ತದೆ, ಪಕ್ಕದ್ದನ್ನೂ ಒಡೆಯುತ್ತದೆ. ಅದಕ್ಕೇ ಅಮ್ಮ ಒಣಗಿದ ಪಾತ್ರೆಯನ್ನು ಕೆನ್ನೆಗೆ ಒತ್ತಿ ನೋಡುವುದು. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ, ಏಕೆಂದರೆ ಆರುವ ನೀರು ಶಾಖ ಎಳೆಯುತ್ತದೆ.

ಊರಿನ ಆವಿಗೆಯಲ್ಲಿ ಈ ಹಂತಕ್ಕೆ ಸೌದೆ ಉರಿಸುವುದಿಲ್ಲ, ಹೊಗೆ ಹಾಕುತ್ತಾರೆ. ಹೊಗೆ ಹೋಗುವ ಬಾಯಿಗೆ ಸ್ಟೀಲಿನ ಲೋಟ ಹಿಡಿದರೆ ಅದರ ಮೇಲೆ ಮಂಜು ಕೂರುತ್ತದೆ. ಲೋಟ ಒಣಗಿಯೇ ಉಳಿಯಿತು ಎಂದಾದ ಮೇಲೆ ಉರಿ ಏರಿಸಬಹುದು. ಅಲ್ ಕೂಝ್‌ನ ಗೂಡಿಗೆ ಅಂಕಿ ತೋರಿಸುವ ಪರದೆ ಇದೆ. ಆದರೂ ಅಮ್ಮ ಅಲ್ಲಿಯೂ ಲೋಟ ಹಿಡಿದದ್ದನ್ನು ಶಿಷ್ಯೆ ನಗುತ್ತ ನೆನೆಯುತ್ತಾರೆ. ‘ಅಂಕಿ ಗೂಡಿನದ್ದು, ಮಂಜು ಮಡಕೆಯದ್ದು. ನಾನು ಮಡಕೆಯನ್ನು ಕೇಳುವುದು’ ಎಂದರಂತೆ ಅಮ್ಮ.

ಆಮೇಲೆ ಮಣ್ಣಿನಲ್ಲಿದ್ದ ಬೇರು, ಎಲೆ, ಗೊಬ್ಬರದ ಅಂಶ ಸುಡುತ್ತದೆ. ಅದು ಸುಡಲು ಗಾಳಿ ಬೇಕು, ಸಮಯ ಬೇಕು. ಅವಸರ ಮಾಡಿದರೆ ಹೊರಗೆ ಕೆಂಪಾಗಿ ಒಳಗೆ ಕಪ್ಪು ಉಳಿಯುತ್ತದೆ. ಒಡೆದ ಮಡಕೆಯ ಚೂರಿನ ಅಂಚು ನೋಡಿದರೆ ಇದು ಗೊತ್ತಾಗುತ್ತದೆ. ಎರಡು ಕೆಂಪು ಪದರದ ನಡುವೆ ಕಪ್ಪು ಗೆರೆ ಇದ್ದರೆ ಬೆಂಕಿ ಒಳಗಿನವರೆಗೆ ತನ್ನ ಕೆಲಸ ಮುಗಿಸಿಲ್ಲ. ಕೆಂಪು ಬಣ್ಣ ಮಣ್ಣಿನಲ್ಲಿರುವ ಕಬ್ಬಿಣದ್ದು. ಗಾಳಿ ಸಿಕ್ಕಿದರೆ ಅದು ತುಕ್ಕಿನಂತೆ ಕೆಂಪಾಗುತ್ತದೆ. ಕೊನೆಯಲ್ಲಿ ಗಾಳಿ ಮುಚ್ಚಿ ಹೊಗೆ ತುಂಬಿಸಿದರೆ ಅದೇ ಮಡಕೆ ಕಪ್ಪಾಗುತ್ತದೆ. ಎರಡಕ್ಕೂ ಬೇರೆ ಬೇರೆ ಮಣ್ಣು ಬೇಕಿಲ್ಲ.

ಶಾಖ 600ರ ಹತ್ತಿರ ಬಂದಾಗ ಕತ್ತಲೆಯಲ್ಲಿ ಮಡಕೆಯ ಮೈ ಮಂಕು ಕೆಂಪಾಗಿ ಕಾಣತೊಡಗುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಿಂದಲೂ ಕುಂಬಾರರಿಗೆ ಇದೇ ಗುರುತು. ಆ ಕೆಂಪು ಎಲ್ಲ ಮಡಕೆಗೂ ಬಂದಿತೆಂದರೆ ಮಣ್ಣು ಹಿಂದಿರುಗದ ಗಡಿ ದಾಟುತ್ತಿದೆ. 800 ದಾಟಿ 900ರತ್ತ ಹೋದಂತೆ ಇನ್ನೊಂದು ಕೆಲಸ ಶುರುವಾಗುತ್ತದೆ. ಕಣಗಳ ಅಂಚು ತುಸು ಮೆತ್ತಗಾಗಿ, ಒಂದಕ್ಕೊಂದು ತಾಗಿದಲ್ಲಿ ಅಂಟಿಕೊಳ್ಳುತ್ತವೆ. ಬೆರಳಿನಿಂದ ತಟ್ಟಿದಾಗ ಟಣ್ ಎನ್ನುವ ಸದ್ದು ಬರುವುದು ಈ ಅಂಟಿನಿಂದ.

ಹಾಗಾದರೆ ಇನ್ನೂ ಹೆಚ್ಚು ಸುಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ನಾವು ಕೇಳಿದೆವು. ಅಮ್ಮ ತಲೆಯಾಡಿಸಿದರು. ‘ಹೂವಿನ ಕುಂಡಕ್ಕೆ, ಹಂಚಿಗೆ ಆಗಬಹುದು. ಬಿಸಲೆಗೆ ಬೇಡ. ಒಲೆಯ ಮೇಲೆ ಬುಡ ಕಾಯುತ್ತದೆ, ಬಾಯಿ ತಣ್ಣಗೆ ಇರುತ್ತದೆ. ಬುಡ ಹಿಗ್ಗುತ್ತದೆ, ಬಾಯಿ ಹಿಗ್ಗುವುದಿಲ್ಲ. ಆ ಎಳೆತ ತಾಳಲಿಕ್ಕೆ ಒಳಗೆ ಸ್ವಲ್ಪ ಸಡಿಲ ಇರಬೇಕು.’ ಸಡಿಲ ಎಂದರೆ ಸಣ್ಣ ರಂಧ್ರಗಳು ಮತ್ತು ಮಣ್ಣಿಗೆ ಬೆರೆಸಿದ ಹೊಯ್ಗೆಯ ಕಾಳುಗಳು. ಒಂದು ಕಡೆ ಕೂದಲೆಳೆಯ ಬಿರುಕು ಹುಟ್ಟಿದರೂ ಅದು ಮುಂದೆ ಓಡುತ್ತ ರಂಧ್ರಕ್ಕೋ ಕಾಳಿಗೋ ತಾಗಿ ನಿಲ್ಲುತ್ತದೆ. ಎಲ್ಲ ರಂಧ್ರ ಮುಚ್ಚುವಷ್ಟು ಸುಟ್ಟ ಪಾತ್ರೆ ಗಟ್ಟಿ, ಆದರೆ ಅದರಲ್ಲಿ ಬಿರುಕಿಗೆ ತಡೆಯಿಲ್ಲ. ಆದ್ದರಿಂದ ಅಡುಗೆಯ ಮಡಕೆಗೆ ಮಧ್ಯಮ ಬೆಂಕಿ ಮತ್ತು ಒಳ್ಳೆಯ ಹೊಯ್ಗೆ, ಎರಡೂ ಬೇಕು. ಶಿಷ್ಯೆಯ ಎಂಟು ಬಿಸಲೆಗಳು ಹಾಳಾದದ್ದು ಈ ಹೊಯ್ಗೆಯ ವಿಷಯದಲ್ಲಿ.

ಆಟದ ಬಕೆಟ್‌ನ ಮರಳು

ಇಲ್ಲಿ ಸಿಗುವ ಚೀಲದ ಜೇಡಿ ನುಣುಪು. ಅದಕ್ಕೆ ಹೊಯ್ಗೆ ಸೇರಿಸದೆ ಬಿಸಲೆ ಮಾಡುವಂತಿಲ್ಲ. ಅಮ್ಮ ಊರಿನಿಂದ ತಂದಿದ್ದ ಹೊಳೆಯ ಹೊಯ್ಗೆ ಮುಗಿದಿತ್ತು, ಅಮ್ಮ ರಜೆಗೆ ಊರಿಗೆ ಹೋಗಿದ್ದರು. ಶಿಷ್ಯೆಯ ಮನೆಯಲ್ಲಿ, ಸಮುದ್ರ ದಂಡೆಗೆ ಹೋದಾಗ ಮಗ ಆಟದ ಬಕೆಟ್‌ನಲ್ಲಿ ತುಂಬಿ ತಂದ ಮರಳಿತ್ತು. ಅದನ್ನು ನಾಲ್ಕು ಸಲ ತೊಳೆದು ಉಪ್ಪು ತೆಗೆದರು. ಒಣಗಿಸಿ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರು. 10 ಕಿಲೋ ಜೇಡಿಗೆ 2 ಕಿಲೋ ಮರಳು. ಲೆಕ್ಕ ಅಮ್ಮ ಹೇಳಿಕೊಟ್ಟದ್ದೇ. ಎಂಟು ಬಿಸಲೆ ಆಯಿತು. ಎರಡು ವಾರ ನೆರಳಲ್ಲಿ ಒಣಗಿತು. ಗೂಡು 950 ಡಿಗ್ರಿಗೆ ಹೋಯಿತು.

ಹೊರಗೆ ಬಂದಾಗ ಒಂದರಲ್ಲೂ ಬಿರುಕಿಲ್ಲ. ತಟ್ಟಿದರೆ ಒಳ್ಳೆಯ ಸದ್ದು. ಅದೇ ಸಂತೋಷದಲ್ಲಿ ಕಟ್ಟಡದ ಎರಡು ಮನೆಗಳಿಗೆ ಒಂದೊಂದು ಕೊಟ್ಟರು. ಒಂದು ಮನೆಯವರು ಉಡುಪಿ ಕಡೆಯವರು, ‘ನಮ್ಮ ಕರಾಮದಲ್ಲೇ ಬಿಸಲೆ ಆಯ್ತು’ ಎಂದು ಫೋಟೊ ತೆಗೆದು ಊರಿಗೆ ಕಳಿಸಿದ್ದರು.

ನಾಲ್ಕನೇ ದಿನ ಕಪಾಟಿನಲ್ಲಿಟ್ಟ ಬಿಸಲೆಯ ಕೆಳಗೆ ಕೆಂಪು ಹುಡಿ ಬಿದ್ದಿತ್ತು. ಪಾತ್ರೆಯ ಮೈಯಲ್ಲಿ ಉದ್ದಿನ ಬೇಳೆಯಷ್ಟು ಅಗಲದ ಚಿಕ್ಕ ಹಳ್ಳಗಳು. ಪ್ರತಿ ಹಳ್ಳದ ತಳದಲ್ಲೂ ಒಂದು ಬಿಳಿ ಚುಕ್ಕಿ. ಒಂದು ವಾರದಲ್ಲಿ ಹಳ್ಳಗಳು ಹೆಚ್ಚಿದವು, ಎರಡು ವಾರದಲ್ಲಿ ಮೂರು ಬಿಸಲೆ ಬಿರುಕು ಬಿಟ್ಟವು. ಯಾರೂ ಮುಟ್ಟಿರಲಿಲ್ಲ, ಒಲೆಗೆ ಇಟ್ಟಿರಲಿಲ್ಲ. ಶಿಷ್ಯೆ ವಿಡಿಯೋ ಕಾಲ್ ಮಾಡಿ ತೋರಿಸಿದರು. ಆ ಮಾತುಕತೆಯನ್ನು ಇಬ್ಬರೂ ನಮಗೆ ಹೇಳಿದ್ದು ಹೀಗೆ.

‘ಆ ಬಿಳಿ ಚುಕ್ಕಿ ಇದೆಯಲ್ಲ, ಹೊಯ್ಗೆ ಎಲ್ಲಿಂದ ತಂದದ್ದು ನೀನು?’

‘ಬೀಚಿಂದು ಅಮ್ಮಾ. ಚೆನ್ನಾಗಿ ತೊಳೆದಿದ್ದೆ. ಉಪ್ಪು ಒಂಚೂರೂ ಇರಲಿಲ್ಲ.’

‘ಉಳಿದದ್ದು ಉಂಟಾ? ಒಂದು ಚಮಚಕ್ಕೆ ಲಿಂಬೆ ಹಿಂಡಿ ನೋಡು.’

ಶಿಷ್ಯೆ ಹಿಂಡಿದರು. ಮರಳು ಸೋಡಾದ ಹಾಗೆ ನೊರೆ ಬಿಟ್ಟಿತು.

‘ಅದು ಹೊಯ್ಗೆ ಅಲ್ಲ ಮಾರಾಯ್ತಿ, ಚಿಪ್ಪಿನ ಹುಡಿ. ನೀನು ಬಿಸಲೆ ಸುಟ್ಟದ್ದಲ್ಲ, ಸುಣ್ಣ ಸುಟ್ಟದ್ದು.’

ಕರಾವಳಿಯವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಎಲೆ ಅಡಿಕೆಗೆ ಹಾಕುವ ಸುಣ್ಣ ಮಾಡುವುದೇ ಹೊಳೆ, ಸಮುದ್ರದ ಚಿಪ್ಪನ್ನು ಗೂಡಿನಲ್ಲಿ ಸುಟ್ಟು. ಸುಟ್ಟ ಚಿಪ್ಪು ನೋಡಲು ಚಿಪ್ಪಿನ ಹಾಗೆಯೇ ಇರುತ್ತದೆ. ಅದಕ್ಕೆ ನೀರು ಚಿಮುಕಿಸಿದರೆ ಬಿಸಿಯಾಗಿ, ಉಬ್ಬಿ, ಹುಡಿಯಾಗುತ್ತದೆ. ಹಾಸನದ ಶಿಷ್ಯೆಗೆ ಅದನ್ನು ಬಿಡಿಸಿ ಹೇಳಬೇಕಾಯಿತು. ದುಬೈ ದಂಡೆಯ ಮರಳಿನಲ್ಲಿ ಚಿಪ್ಪು ಮತ್ತು ಸಮುದ್ರಜೀವಿಗಳ ಕವಚದ ಚೂರು ಬಹಳ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. 750ರಿಂದ 850 ಡಿಗ್ರಿಯ ಸುಮಾರಿಗೆ ಅದರಿಂದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಗೂಡಿನಿಂದ ಹೊರಬಂದ ಮೇಲೆ ಅದು ಗಾಳಿಯ ಪಸೆಯನ್ನು ಹೀರುತ್ತದೆ. ಹೀರಿದ ಕಾಳು ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗುತ್ತದೆ. ಸುತ್ತಲಿನ ಸುಟ್ಟ ಮಣ್ಣಿಗೆ ಹಿಗ್ಗಲು ಬಾರದು. ಆದ್ದರಿಂದ ಅದು ಚಕ್ಕೆಯಾಗಿ ಹಾರುತ್ತದೆ, ಹಳ್ಳದ ತಳದಲ್ಲಿ ಬಿಳಿ ಚುಕ್ಕಿ ಕಾಣುತ್ತದೆ. ದುಬೈನ ಬೇಸಗೆಯ ತೇವದ ಗಾಳಿಗೆ ಇದು ಇನ್ನೂ ಬೇಗ.

ನಮ್ಮ ಹೊಳೆಯ ಹೊಯ್ಗೆಗೆ ಈ ಕಾಯಿಲೆಯಿಲ್ಲ. ಅದರಲ್ಲಿ ಹೆಚ್ಚಿನದು ಬೆಣಚುಕಲ್ಲಿನ ಕಾಳು. ಅದಕ್ಕೆ ಅದರದೇ ಒಂದು ಗುಣವಿದೆ. 573 ಡಿಗ್ರಿಯಲ್ಲಿ ಅದು ತಟ್ಟನೆ ತುಸು ಹಿಗ್ಗುತ್ತದೆ, ಆರುವಾಗ ಅದೇ ಶಾಖದಲ್ಲಿ ತಟ್ಟನೆ ಕುಗ್ಗುತ್ತದೆ. ಆ ಹೊತ್ತಿನಲ್ಲಿ ಗೂಡಿನ ಬಾಗಿಲು ತೆರೆದು ತಣ್ಣನೆ ಗಾಳಿ ಬಿಟ್ಟರೆ ಮಡಕೆ ಸೀಳುತ್ತದೆ. ಊರಿನ ಆವಿಗೆಯನ್ನು ಉರಿ ಆರಿದ ಮೇಲೂ ಬೂದಿ ಮಣ್ಣು ಮುಚ್ಚಿ ಮರುದಿನದವರೆಗೆ ಮುಟ್ಟದೆ ಬಿಡುವುದು ಇದಕ್ಕೇ.

ಸುಣ್ಣದ ಕಾಳು ಹಿಟ್ಟಿನಷ್ಟು ನುಣ್ಣಗಿದ್ದು ಸ್ವಲ್ಪವೇ ಇದ್ದರೆ ತೊಂದರೆ ಆಗುವುದಿಲ್ಲ. ಕಣ್ಣಿಗೆ ಕಾಣುವ ಕಾಳಾದರೆ ಹಾನಿ. ಚಹಾ ಜಾಲರಿಯ ತೂತು ಅಂಥ ಕಾಳನ್ನು ತಡೆಯುವಷ್ಟು ಸಣ್ಣದಲ್ಲ. ಚಿಪ್ಪಿರುವ ಮಣ್ಣನ್ನು ಕಡಿಮೆ ಶಾಖದಲ್ಲಿ, 700 ದಾಟದಂತೆ ಸುಟ್ಟರೆ ಚಿಪ್ಪು ಸುಣ್ಣವಾಗುವುದಿಲ್ಲ. ಹಾಗೆ ಮಾಡುವ ಕುಂಬಾರರೂ ಲೋಕದಲ್ಲಿದ್ದಾರೆ. ಆದರೆ ಬಾಡಿಗೆ ಗೂಡಿನಲ್ಲಿ ಬೇರೆಯವರ ಪಾತ್ರೆಗಳ ಜೊತೆ ಇಟ್ಟಾಗ ಶಾಖ ನಮ್ಮ ಕೈಯಲ್ಲಿರುವುದಿಲ್ಲ.

ಇದೇ ನೆಲದಲ್ಲಿಯೂ ಮಡಕೆ ಸುಟ್ಟವರಿದ್ದರು. ರಾಸ್ ಅಲ್ ಖೈಮಾದ ಬೆಟ್ಟದ ಬುಡದ ವಾದಿ ಹಕೀಲ್‌ನಲ್ಲಿ ಪುರಾತತ್ವದವರು ಹಳೆಯ ಗೂಡುಗಳನ್ನು ಗುರುತಿಸಿದ್ದಾರೆ. ಜುಲ್ಫಾರ್ ಮಡಕೆ ಎಂದು ಹೆಸರಾದ ಅಲ್ಲಿನ ಪಾತ್ರೆಗಳು ಶತಮಾನಗಳ ಕಾಲ ಈ ಭಾಗದ ಅಡುಗೆಮನೆಗಳಲ್ಲಿದ್ದವು.

ಎರಡು ಬಾಗಿಲು ತಟ್ಟಿದ್ದು

ಮನೆಯಲ್ಲಿದ್ದ ಆರು ಬಿಸಲೆಗಳನ್ನು ಎಸೆಯುವುದು ಕಷ್ಟವಾಗಲಿಲ್ಲ. ಕೊಟ್ಟುಬಿಟ್ಟ ಎರಡರ ಮಾತು ಬೇರೆ. ಅವುಗಳಲ್ಲಿ ಚಕ್ಕೆ ಇನ್ನೂ ಎದ್ದಿರಲಿಲ್ಲ. ಒಂದು ಮನೆಯವರು ಬಿಸಲೆಯನ್ನು ನೀರಲ್ಲಿ ನೆನೆಸಿ ಅಡುಗೆಗೆ ಸಿದ್ಧ ಮಾಡುತ್ತಿದ್ದರು. ‘ಒಡೆದ ಮೇಲೆ ಹೇಳಿದರಾಯ್ತು ಅಂತ ಅನ್ನಿಸಿತ್ತು’ ಎಂದು ಶಿಷ್ಯೆ ಒಪ್ಪಿಕೊಳ್ಳುತ್ತಾರೆ. ಅಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದರು: ‘ಕುದಿಯುವ ಸಾರು ಇರುವಾಗ ಬುಡ ಕಳಚಿದರೆ ಯಾರ ಕಾಲ ಮೇಲೆ ಬೀಳುತ್ತದೆ ಎಂದು ನಿನಗೆ ಗೊತ್ತುಂಟಾ? ಇವತ್ತೇ ಹೋಗಿ ತೆಗೆದುಕೊಂಡು ಬಾ.’

ಶಿಷ್ಯೆ ಆ ಸಂಜೆಯೇ ಹೋದರು. ಉಡುಪಿಯವರ ಮನೆಯಲ್ಲಿ ನೆನೆಸಿದ್ದ ಬಿಸಲೆಯ ಹೊರಮೈಯಲ್ಲಿ ಆಗಲೇ ಐದಾರು ಚಕ್ಕೆ ಎದ್ದಿದ್ದವು. ನೀರು ಸಿಕ್ಕಿದ ಸುಣ್ಣ ಅವಸರದಲ್ಲಿತ್ತು. ಆ ಮನೆಯವರಿಗೆ ಬೇಸರವಾದರೂ ಕೋಪ ಬರಲಿಲ್ಲ. ‘ಹೊಸತು ಆದ ಮೇಲೆ ಮೊದಲು ನಮಗೇ ಕೊಡಬೇಕು’ ಎಂದು ಕಳಿಸಿದರಂತೆ.

ಅಮ್ಮ ಊರಿನಿಂದ ಬರುವಾಗ ಹೊಯ್ಗೆ ತರಲಿಲ್ಲ. ಅದಕ್ಕಿಂತ ಹಗುರವಾದ ದಾರಿ ಇತ್ತು. ಒಡೆದ ಹಳೆಯ ಮಡಕೆ ಮತ್ತು ಒಂದು ಮಂಗಳೂರು ಹಂಚಿನ ಚೂರು ತಂದರು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ನಮ್ಮ ಹಂಚುಗಳ ಕಥೆ ಹೊರಟದ್ದು. ಹಂಚಿನಲ್ಲಿಯೂ ಇದೇ ಜೇಡಿ, ಇದೇ ಬೆಂಕಿ. ಹತ್ತಾರು ಮಳೆಗಾಲ ನೋಡಿಯೂ ಚಕ್ಕೆ ಏಳದ ಹಂಚಿನೊಳಗೆ ಸುಣ್ಣದ ಕಾಳಿಲ್ಲ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ. ಅವನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಹುಡಿ ಮಾಡಿ, ಜರಡಿ ಹಿಡಿದು ಜೇಡಿಗೆ ಬೆರೆಸಿದರು. ಒಮ್ಮೆ ಸುಟ್ಟ ಮಣ್ಣಾದ್ದರಿಂದ ಅದು ಒಣಗುವಾಗ ಕುಗ್ಗುವುದಿಲ್ಲ, ಬಿರುಕನ್ನು ತಡೆಯುವ ಕೆಲಸವನ್ನು ಹೊಯ್ಗೆಯಂತೆಯೇ ಮಾಡುತ್ತದೆ. ಹಾಳಾದ ಎಂಟು ಬಿಸಲೆಗಳ ಹುಡಿ ಮಾತ್ರ ಬಳಸಬಾರದು, ಅದರೊಳಗಿನ ಸುಣ್ಣ ಹೊಸ ಪಾತ್ರೆಗೂ ಬರುತ್ತದೆ ಎಂದು ಅಮ್ಮ ಶಿಷ್ಯೆಗೆ ಎರಡು ಸಲ ಹೇಳಿದರು.

ಈ ಸಲ ಆರು ಬಿಸಲೆ. ರಾತ್ರಿಯಿಡೀ ಗೂಡು 90 ಡಿಗ್ರಿ ದಾಟಲಿಲ್ಲ. ಬೆಳಗ್ಗೆಯಿಂದ ಗಂಟೆಗೆ 60 ಡಿಗ್ರಿಯಂತೆ 600ರವರೆಗೆ ಏರಿತು. ಅಲ್ಲಿಂದ ಮುಂದೆ ಸ್ವಲ್ಪ ಬೇಗ, 900ಕ್ಕೆ ನಿಂತಿತು. ಆರಿ ಕೈಗೆ ತಾಳುವಷ್ಟಾಗುವವರೆಗೆ ಯಾರೂ ಬಾಗಿಲು ಮುಟ್ಟಲಿಲ್ಲ. ಒಂದರ ಅಂಚು ತುಸು ಸೊಟ್ಟವಾಗಿತ್ತು, ಉಳಿದ ಐದು ಸರಿಯಾಗಿದ್ದವು.

ಆದರೂ ಅಮ್ಮ ಯಾರಿಗೂ ಕೊಡಗೊಡಲಿಲ್ಲ. ಮೂರು ದಿನ ನೀರಿನಲ್ಲಿ ಮುಳುಗಿಸಿ, ಆಮೇಲೆ ಎರಡು ವಾರ ಬಾಲ್ಕನಿಯ ತೇವದ ಗಾಳಿಯಲ್ಲಿ ಇಡಿಸಿದರು. ನಾವು ನೋಡಿದ ದಿನಕ್ಕೆ ಹದಿನೇಳು ದಿನ ಕಳೆದಿತ್ತು. ಐದರಲ್ಲಿ ಒಂದರ ಮೈಯಲ್ಲೂ ಬಿಳಿ ಚುಕ್ಕಿ ಇರಲಿಲ್ಲ. ಉಡುಪಿಯವರ ಪಾಲು ಅದೇ ಮಧ್ಯಾಹ್ನ ಮೆಟ್ಟಿಲಿಳಿದು ಹೋಯಿತು.

ಊರಿನಿಂದ ಬಿಸಲೆ ಕಳಿಸುವವರಿಗೆ

ಈ ಪುಟ ಓದುವ ಮನೆಗಳಲ್ಲಿ ಮುಂದಿನ ವಾರ ಯಾರಾದರೂ ವಿಮಾನ ಹತ್ತುವವರಿರಬಹುದು. ಪೆಟ್ಟಿಗೆಗೆ ಹಾಕುವ ಮೊದಲು ನೋಡಬೇಕಾದದ್ದನ್ನು ಅಮ್ಮ ಹೇಳಿದ ಹಾಗೆಯೇ ಕೊಡುತ್ತೇವೆ.

ಬಿಸಲೆಯನ್ನು ಅಂಗೈ ಮೇಲೆ ಇಟ್ಟು ಬೆರಳ ಗಂಟಿನಿಂದ ತಟ್ಟಿ. ಗಂಟೆಯ ಹಾಗೆ ಸ್ವಲ್ಪ ಹೊತ್ತು ನಿಲ್ಲುವ ಸದ್ದು ಬಂದರೆ ಒಳ್ಳೆಯದು. ದಪ್ಪ್ ಎಂದು ಸತ್ತ ಸದ್ದು ಬಂದರೆ ಒಳಗೆ ಬಿರುಕಿದೆ, ಇಲ್ಲವೇ ಬೆಂಕಿ ಸಾಲಲಿಲ್ಲ. ಒದ್ದೆ ಬೆರಳಿನಿಂದ ಒಳಮೈಯನ್ನು ಜೋರಾಗಿ ಉಜ್ಜಿ. ಬೆರಳಿಗೆ ಕೆಸರು ಮೆತ್ತಿದರೆ ಆ ಮಣ್ಣು ಇನ್ನೂ ಗಡಿ ದಾಟಿಲ್ಲ, ಕೊಳ್ಳಬೇಡಿ. ಮೈಯಲ್ಲಿ ಬಿಳಿ ಚುಕ್ಕಿಯ ಹಳ್ಳ ಇದ್ದರೆ ಅದನ್ನೂ ಬಿಡಿ. ಕೊಂಡ ಬಿಸಲೆಯನ್ನು ಹೊರಡುವ ಎರಡು ವಾರ ಮೊದಲೇ ತಂದು ಒಂದು ದಿನ ನೀರಿನಲ್ಲಿಟ್ಟು, ಒಣಗಿಸಿ, ಹಾಗೆಯೇ ಇಡಿ. ಹಾಳಾಗುವುದಿದ್ದರೆ ಊರಲ್ಲೇ ಹಾಳಾಗಲಿ.

ಇಲ್ಲಿಗೆ ಬಂದ ಮೇಲೆ ಮೊದಲ ಸಲ ಅಕ್ಕಿ ತೊಳೆದ ನೀರು ಅಥವಾ ಗಂಜಿ ತಿಳಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಿ, ಒಲೆಯ ಮೇಲೆಯೇ ಆರಲು ಬಿಡಿ. ಗಂಜಿಯ ಪಿಷ್ಟ ರಂಧ್ರಗಳಲ್ಲಿ ಕೂತು ಜಿನುಗುವುದು ನಿಲ್ಲುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ಒಳ್ಳೆಯದು. ಇಂಡಕ್ಷನ್ ಒಲೆ ಮಣ್ಣಿನ ಪಾತ್ರೆಯನ್ನು ಕಾಯಿಸುವುದೇ ಇಲ್ಲ. ಸುರುಳಿಯಿರುವ ವಿದ್ಯುತ್ ಒಲೆ ಬುಡದ ಒಂದು ಉಂಗುರವನ್ನು ಮಾತ್ರ ಕಾಯಿಸುವುದರಿಂದ, ನಡುವೆ ಒಂದು ಕಬ್ಬಿಣದ ದೋಸೆ ಕಾವಲಿ ಇಟ್ಟು ಅದರ ಮೇಲೆ ಬಿಸಲೆ ಇಡುವುದು ಕ್ಷೇಮ. ಖಾಲಿ ಬಿಸಲೆಯನ್ನು ಒಲೆಗೆ ಇಡಬೇಡಿ, ಬಿಸಿ ಬಿಸಲೆಗೆ ಫ್ರಿಜ್ಜಿನ ನೀರು ಹಾಕಬೇಡಿ. ಸೋಪು ರಂಧ್ರದೊಳಗೆ ಉಳಿಯುತ್ತದೆ, ಬೂದಿ ಅಥವಾ ಕಡಲೆಹಿಟ್ಟು ಸಾಕು.

ಕೊನೆಗೆ ನಾವು ಶಿಷ್ಯೆಯನ್ನು ಕೇಳಿದೆವು, ಅಂಚು ಸೊಟ್ಟವಾದ ಆರನೆಯ ಬಿಸಲೆ ಏನಾಯಿತು ಎಂದು. ಅದು ಅವರ ಸ್ವಂತ ಅಡುಗೆಮನೆಯಲ್ಲಿ ಮೀನಿನ ಸಾರಿಗೆ ಬಳಕೆಯಲ್ಲಿದೆ. ಮಾಂಸದ ಸಾರಿಗೂ ಅದೇ ಆಗಬೇಕೆಂದು ಹಾಸನದ ಗಂಡ ಹಟ ಹಿಡಿದಿದ್ದಾರಂತೆ. ಮೀನಿನ ವಾಸನೆ ಹಿಡಿದ ರಂಧ್ರಕ್ಕೆ ಬೇರೆ ಸಾರು ಸೇರುವುದಿಲ್ಲ, ಅದಕ್ಕೆ ಇನ್ನೊಂದು ಮಾಡು ಎಂಬುದು ಅಮ್ಮನ ತೀರ್ಪು. ಮುಂದಿನ ಗೂಡಿಗೆ ಮಣ್ಣು ಆಗಲೇ ನೆನೆಹಾಕಿದ್ದಾರೆ.